ಚೆದುರಿದ ಕೋಷ್ಟಕ

ಮುದನಾಳವು ಯಾದಗಿರಿ ತಾಲ್ಲೂಕಿನ ಒಂದು ಗ್ರಾಮ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಕೂಡಿ 2010ರಲ್ಲಿ ಯಾದಗಿರಿ ಜಿಲ್ಲೆಯು ರೂಪುಗೊಂಡಿತು. ಅದಕ್ಕೆ ಮೊದಲು ಈ ಮೂರು ತಾಲ್ಲೂಕುಗಳೂ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಆದುದರಿಂದ 1981ರ ಜನಗಣತಿಯಲ್ಲಿ ಮುದನಾಳದ ಜನಸಂಖ್ಯೆ ಎಷ್ಟಿತ್ತು, ಅಲ್ಲಿ ಯಾವ ಬಗೆಯ ಶಾಲೆಯಿತ್ತು, ಕುಡಿಯುವ ನೀರು ಬಾವಿಯದೋ ನಲ್ಲಿಯದೋ ಎಂಬುದನ್ನು ತಿಳಿಯಬಯಸುವವನು ಗುಲಬರ್ಗಾ ಜಿಲ್ಲೆಯ ಜನಗಣತಿ ಕೈಪಿಡಿಯನ್ನು ತೆರೆಯಬೇಕು. ಜಿಲ್ಲೆಗೊಂದರಂತೆ ಇಂತಹ ಕೈಪಿಡಿಗಳನ್ನು ಹೊರತರುವ ಪದ್ಧತಿ 1951ರ ಜನಗಣತಿಯಿಂದ ಆರಂಭವಾಯಿತು. ಅವುಗಳಲ್ಲಿ ತಾಲ್ಲೂಕಿನ ಪ್ರತಿಯೊಂದು ಗ್ರಾಮಕ್ಕೂ ಒಂದೊಂದು ಅಡ್ಡಸಾಲು ಮೀಸಲಾಗಿರುತ್ತದೆ.

ಒಂದೇ ಗ್ರಾಮದ ವಿವರ ಬೇಕಾದವನಿಗೆ ಕಣ್ಣೇ ಸಾಕು. ಪುಟದ ಮೇಲೆ ಬೆರಳಿಟ್ಟು ಹೆಸರನ್ನು ಹುಡುಕಿ, ಅದೇ ಸಾಲಿನಲ್ಲಿ ಬಲಕ್ಕೆ ಸರಿಯುತ್ತ ಹೋದರೆ ಬೇಕಾದ ಅಂಕಿ ಸಿಗುತ್ತದೆ. ಆದರೆ ಮುದನಾಳದ ವಿದ್ಯಾರ್ಥಿಯೊಬ್ಬನು ತನ್ನ ತಾಲ್ಲೂಕಿನ ಎಲ್ಲ ಗ್ರಾಮಗಳನ್ನೂ ಒಂದರೊಡನೊಂದು ಹೋಲಿಸಲು ಬಯಸಿದರೆ, 1981ರಲ್ಲಿ ಶಾಲೆಯಿಲ್ಲದಿದ್ದ ಊರುಗಳು ಯಾವುವು ಎಂದು ಪಟ್ಟಿಮಾಡಲು ಹೊರಟರೆ, ಬೆರಳಿನ ಕೆಲಸ ಸಾಲದು. ಆ ಅಂಕಿಗಳು ಗಣಕಯಂತ್ರದಲ್ಲಿ ಅಡ್ಡಸಾಲು ಮತ್ತು ಕಂಬಸಾಲುಗಳಾಗಿ ಕುಳಿತಿರಬೇಕು. ಹಳೆಯ ಕೈಪಿಡಿಗಳು ದೊರೆಯುವುದು ಬಹುಮಟ್ಟಿಗೆ ಛಾಯಾಪ್ರತಿಗಳ ರೂಪದಲ್ಲಿ. ಛಾಯಾಪ್ರತಿಯೆಂಬುದು ಪುಟದ ಚಿತ್ರ. ಅದರಲ್ಲಿ ಅಂಕಿಗಳು ಕಾಣುತ್ತವೆಯೇ ಹೊರತು ಗಣಕಯಂತ್ರಕ್ಕೆ ಅವು ಅಂಕಿಗಳಲ್ಲ, ಬಿಳಿಯ ಮೇಲಿನ ಕಪ್ಪು ಚುಕ್ಕೆಗಳು ಮಾತ್ರ.

ಆ ಚುಕ್ಕೆಗಳಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳು ಉಂಟು. 1985ರಿಂದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಬೆಳೆದು 2005ರಲ್ಲಿ ಎಲ್ಲರ ಬಳಕೆಗೂ ಮುಕ್ತವಾದ ಟೆಸೆರಾಕ್ಟ್ ಅವುಗಳಲ್ಲಿ ಒಂದು. ಇಂತಹ ತಂತ್ರಾಂಶಕ್ಕೆ ಪುಟದ ಚಿತ್ರವನ್ನು ಕೊಟ್ಟರೆ ಅದು ತಾನು ಓದಿದುದನ್ನು ಒಂದು ಪಠ್ಯದ ಕಡತವಾಗಿ ಹಿಂದಿರುಗಿಸುತ್ತದೆ. ಆ ಕಡತವನ್ನು ತೆರೆದವನಿಗೆ ಮೊದಲ ನೋಟಕ್ಕೆ ನಿರಾಶೆಯಾಗುವುದು ಸಹಜ. ಅಂಕಿಗಳೆಲ್ಲ ಇವೆ, ಕೋಷ್ಟಕ ಮಾತ್ರ ಇಲ್ಲ.

ಹೀಗಾಗುವುದಕ್ಕೆ ಕಾರಣವಿದೆ. ಮುದ್ರಿತ ಕೋಷ್ಟಕದಲ್ಲಿ ಅಂಕಿಯ ಅರ್ಥವು ಅದರ ಆಕಾರದಲ್ಲಿ ಅಡಗಿರುವಷ್ಟೇ ಅದರ ಸ್ಥಾನದಲ್ಲಿಯೂ ಅಡಗಿರುತ್ತದೆ. 601 ಎಂಬುದು ಒಂದು ಕಂಬಸಾಲಿನಲ್ಲಿದ್ದರೆ ಗಂಡಸರ ಸಂಖ್ಯೆ, ಇನ್ನೊಂದರಲ್ಲಿದ್ದರೆ ಹೆಂಗಸರ ಸಂಖ್ಯೆ. ಗೆರೆಗಳೂ ನಡುವಣ ಬಿಳಿಯ ಜಾಗವೂ ಸೇರಿ ಆ ಸ್ಥಾನವನ್ನು ನಿರ್ಣಯಿಸುತ್ತವೆ. ಅಕ್ಷರ ಗುರುತಿಸುವ ತಂತ್ರಾಂಶವು ಆಕಾರಗಳನ್ನು ಉಳಿಸಿಕೊಂಡು ಸ್ಥಾನವನ್ನು ಬಹುಮಟ್ಟಿಗೆ ಕಳೆದುಬಿಡುತ್ತದೆ. ಕಳೆದ ಸ್ಥಾನವನ್ನು ಮತ್ತೆ ಕಂಡುಹಿಡಿದು ಪ್ರತಿಯೊಂದು ಅಂಕಿಯನ್ನೂ ಅದರದೇ ಕೋಶಕ್ಕೆ ತಲುಪಿಸುವುದೇ ಮುಂದಿನ ಕೆಲಸ.

ಕೆಲಸವು ಪಠ್ಯದಿಂದಲ್ಲ, ಚಿತ್ರದಿಂದ ಆರಂಭವಾಗಬೇಕು. ಛಾಯಾಪ್ರತಿ ತೆಗೆಯುವಾಗ ಪುಟವು ಸ್ವಲ್ಪ ಓರೆಯಾಗಿದ್ದರೂ ಕಣ್ಣಿಗೆ ಅದು ತೊಡಕಲ್ಲ. ಆದರೆ 20 ಸೆಂಟಿಮೀಟರ್ ಅಗಲದ ಪುಟವು ಕೇವಲ 1 ಡಿಗ್ರಿಯಷ್ಟು ಓರೆಯಾದರೆ, ಸಾಲಿನ ಎಡತುದಿಗೂ ಬಲತುದಿಗೂ ಸುಮಾರು 3.5 ಮಿಲಿಮೀಟರ್ ಏರುಪೇರು ಉಂಟಾಗುತ್ತದೆ. ಒತ್ತಾಗಿ ಮುದ್ರಿಸಿದ ಕೋಷ್ಟಕದಲ್ಲಿ ಅದು ಹೆಚ್ಚುಕಡಿಮೆ ಒಂದು ಸಾಲಿನ ಎತ್ತರ. ಆಗ ಒಂದು ಊರಿನ ಹೆಸರಿನ ಎದುರಿಗೆ ಅದರ ಪಕ್ಕದ ಊರಿನ ಹೆಂಗಸರ ಸಂಖ್ಯೆ ಬಂದು ನಿಲ್ಲಬಹುದು. ಆದುದರಿಂದ ಮೊದಲು ಚಿತ್ರವನ್ನು ನೇರಮಾಡಬೇಕು. ಅಂಗುಲಕ್ಕೆ 300 ಚುಕ್ಕೆಗಳಿಗಿಂತ ಕಡಿಮೆ ಸಾಂದ್ರತೆಯ ಪ್ರತಿಯಾಗಿದ್ದರೆ, ಸಾಧ್ಯವಾದಲ್ಲಿ ಉತ್ತಮ ಪ್ರತಿಯನ್ನೇ ಹುಡುಕುವುದು ಲೇಸು.

ಎರಡನೆಯದಾಗಿ, ಪುಟವನ್ನು ಯಾವ ಕ್ರಮದಲ್ಲಿ ಓದಬೇಕೆಂದು ತಂತ್ರಾಂಶಕ್ಕೆ ತಿಳಿಸಬೇಕು. ಅದರ ಪಾಡಿಗೆ ಬಿಟ್ಟರೆ, ಅಗಲವಾದ ಬಿಳಿಯ ಜಾಗವನ್ನು ಕಂಡು, ಇದು ವೃತ್ತಪತ್ರಿಕೆಯಂತೆ ಅಂಕಣಗಳಿರುವ ಪುಟವೆಂದು ಭ್ರಮಿಸಿ, ಊರುಗಳ ಹೆಸರನ್ನೆಲ್ಲ ಮೇಲಿನಿಂದ ಕೆಳಗೆ ಒಮ್ಮೆಗೇ ಓದಿ, ಆಮೇಲೆ ಅಂಕಿಗಳಿಗೆ ಬರುವ ಸಂಭವವುಂಟು. ಟೆಸೆರಾಕ್ಟ್‌ಗೆ ಈ ಕೆಳಗಿನ ಆಜ್ಞೆಯನ್ನು ಕೊಟ್ಟರೆ, ಪುಟವೆಲ್ಲ ಒಂದೇ ಖಂಡವೆಂದು ತಿಳಿದು ಅದು ಎಡದಿಂದ ಬಲಕ್ಕೆ ಸಾಲುಸಾಲಾಗಿ ಓದುತ್ತದೆ.

```
tesseract page.png out --psm 6
```

ಇನ್ನು ದೊರೆಯುವ ಪಠ್ಯದ ಸ್ವರೂಪವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕೆಳಗಿನ ಊರುಗಳೂ ಅಂಕಿಗಳೂ ರೀತಿಯನ್ನು ವಿವರಿಸುವ ಸಲುವಾಗಿ ಕಲ್ಪಿಸಿದವು, ಕೈಪಿಡಿಯಿಂದ ಎತ್ತಿಕೊಂಡವಲ್ಲ. ಆದರೆ ಇಲ್ಲಿರುವ ದೋಷಗಳು ಇಂತಹ ಪುಟಗಳಲ್ಲಿ ನಿಜವಾಗಿಯೂ ಕಾಣಬರುವಂತಹವು. ಕಂಬಸಾಲುಗಳು ಕ್ರಮವಾಗಿ ಇವು: ಕ್ರಮಸಂಖ್ಯೆ, ಗ್ರಾಮದ ಹೆಸರು, ಹೆಕ್ಟೇರುಗಳಲ್ಲಿ ವಿಸ್ತೀರ್ಣ, ಕುಟುಂಬಗಳು, ಒಟ್ಟು ಜನರು, ಗಂಡಸರು, ಹೆಂಗಸರು.

```
41 Hosur (B) 1,2O4.50 212 1,18S 601 584
42 Hosur (K) 846.35 97 562 274 288
57
43 Kerebhavi 2,011.60 350 2,041
1,033 1,003
44 Bommanal 318.75
Uninhabited
45 Honnanal 655.20 148 8l7 419 398
Total 5,036.40 807 4,605 2,332 2,273
```

ಈ ಪಠ್ಯವನ್ನು ತಿದ್ದಲು ಕುಳಿತವನು ಮೊಟ್ಟಮೊದಲು ಮಾಡತಕ್ಕದ್ದೆಂದರೆ, ಇದರ ಒಂದು ಪ್ರತಿಯನ್ನು ಹಾಗೆಯೇ ತೆಗೆದಿಡುವುದು. ಎಲ್ಲ ತಿದ್ದುಪಡಿಗಳೂ ಇನ್ನೊಂದು ಪ್ರತಿಯಲ್ಲಿಯೇ ನಡೆಯಬೇಕು. ತಿದ್ದುವ ಭರದಲ್ಲಿ ಸರಿಯಾಗಿದ್ದುದು ಕೆಟ್ಟರೆ, ಹಿಂದಿರುಗಿ ನೋಡಲು ಮೂಲವು ಉಳಿದಿರಬೇಕಷ್ಟೆ.

ಮುಂದಿನ ಪ್ರಶ್ನೆ, ಒಂದು ಅಡ್ಡಸಾಲು ಎಲ್ಲಿ ಆರಂಭವಾಗುತ್ತದೆ ಎಂಬುದು. ಕಡತದಲ್ಲಿ ಒಂಬತ್ತು ಸಾಲುಗಳಿವೆ, ಆದರೆ ಊರುಗಳು ಐದೇ. ಕೆರೆಭಾವಿಯ ವಿವರವು ಎರಡು ಸಾಲುಗಳಿಗೆ ಹರಿದಿದೆ. ಬೊಮ್ಮನಾಳದ ಎದುರು ನಿರ್ಜನ ಗ್ರಾಮವೆಂಬ ಸೂಚನೆಯು ಕೆಳಗಿನ ಸಾಲಿಗೆ ಇಳಿದಿದೆ. ನಡುವೆ ಒಂಟಿಯಾಗಿ ನಿಂತಿರುವ 57 ಎಂಬುದು ಪುಟಸಂಖ್ಯೆ. ಸಾಲುಗಳನ್ನು ಚೆನ್ನಾಗಿ ನೋಡಿದರೆ ಒಂದು ನಿಯಮ ಹೊಳೆಯುತ್ತದೆ. ಹೊಸ ಊರಿನ ಸಾಲು ಯಾವಾಗಲೂ ಅಂಕಿಯಿಂದ ಆರಂಭವಾಗಿ, ಒಂದು ತೆರಪಿನ ಬಳಿಕ ಅಕ್ಷರಕ್ಕೆ ಹೋಗುತ್ತದೆ. ಗಣಕಯಂತ್ರಕ್ಕೆ ಈ ನಿಯಮವನ್ನು ಹೀಗೆ ಬರೆದು ತಿಳಿಸಬಹುದು:

```
^[0-9]+ [A-Z]
```

ಇದರ ಅರ್ಥ ಸರಳವಾದುದು. ಸಾಲಿನ ಆರಂಭದಲ್ಲಿಯೇ ಒಂದು ಅಥವಾ ಹೆಚ್ಚು ಅಂಕಿಗಳು, ಆಮೇಲೆ ಒಂದು ತೆರಪು, ಆಮೇಲೆ ಒಂದು ದೊಡ್ಡ ಅಕ್ಷರ ಬಂದರೆ ಅದು ಹೊಸ ಊರು. `1,033 1,003` ಎಂಬ ಸಾಲು ಅಂಕಿಯಿಂದ ಆರಂಭವಾದರೂ ಈ ನಿಯಮಕ್ಕೆ ಹೊಂದುವುದಿಲ್ಲ. ಆದುದರಿಂದ ಅದು ಹಿಂದಿನ ಸಾಲಿನ ಮುಂದುವರಿಕೆ. ಅದನ್ನು ಹಿಂದಿನ ಸಾಲಿಗೆ ಜೋಡಿಸಬೇಕು.

ಆದರೆ ಜೋಡಿಸುವ ಮೊದಲೇ ಕೋಷ್ಟಕಕ್ಕೆ ಸೇರದ ಸಾಲುಗಳನ್ನು ಹೊರಗಿಡುವುದು ಅವಶ್ಯ. ಒಟ್ಟು ಮೊತ್ತದ ಸಾಲನ್ನು ಬೇರೆ ಕಡತಕ್ಕೆ ಎತ್ತಿಡಬೇಕು, ಮುಂದೆ ಅದರಿಂದ ದೊಡ್ಡ ಉಪಯೋಗವಿದೆ. ಪುಟಸಂಖ್ಯೆಯನ್ನು ತೆಗೆದುಹಾಕಬೇಕು. ತೆಗೆಯದಿದ್ದರೆ ಆಗುವ ಅನಾಹುತವನ್ನು ಗಮನಿಸಬೇಕು. 57 ಎಂಬುದು ಹೊಸ ಊರಿನ ನಿಯಮಕ್ಕೆ ಹೊಂದದೆ, ಹೊಸೂರು (ಕೆ) ಸಾಲಿನ ತುದಿಗೆ ಅಂಟಿಕೊಳ್ಳುತ್ತದೆ. ಆಗ ಬಲದಿಂದ ಎಣಿಸಿದರೆ 57 ಹೆಂಗಸರ ಸಂಖ್ಯೆಯಾಗಿ, 288 ಗಂಡಸರ ಸಂಖ್ಯೆಯಾಗಿ, 274 ಊರಿನ ಒಟ್ಟು ಜನಸಂಖ್ಯೆಯಾಗಿ ಬಿಡುತ್ತದೆ. ಒಂದು ಪುಟಸಂಖ್ಯೆಯಿಂದ ಊರಿನ ಅರ್ಧಕ್ಕಿಂತ ಹೆಚ್ಚು ಜನರು ಕಾಣೆಯಾದಂತಾಯಿತು. ಒಂಟಿ ಅಂಕಿಯು ಪುಟಸಂಖ್ಯೆಯೋ, ಹರಿದ ಸಾಲಿನ ತುಣುಕೋ ಎಂಬ ಸಂದೇಹ ಬಂದಾಗ ಛಾಯಾಪ್ರತಿಯ ಪುಟಗಳ ಅನುಕ್ರಮವು ಅದನ್ನು ಪರಿಹರಿಸುತ್ತದೆ. ಪುಟಸಂಖ್ಯೆಗಳು 57, 58, 59 ಎಂದು ಒಂದೊಂದಾಗಿಯೇ ಏರುತ್ತವೆ, ಜನಸಂಖ್ಯೆಗೆ ಅಂತಹ ಶಿಸ್ತಿಲ್ಲ.

ಸಾಲುಗಳು ಕೂಡಿದ ಮೇಲೆ ಅವುಗಳನ್ನು ಕಂಬಸಾಲುಗಳಾಗಿ ಕತ್ತರಿಸಬೇಕು. ತೆರಪು ಬಂದಲ್ಲೆಲ್ಲ ಎಡದಿಂದ ಕತ್ತರಿಸುತ್ತ ಹೋಗುವುದು ಹೊಸಬರು ಮಾಡುವ ತಪ್ಪು. ಊರಿನ ಹೆಸರಿನೊಳಗೂ ತೆರಪು ಇರಬಹುದೆಂಬುದನ್ನು ಅವರು ಮರೆಯುತ್ತಾರೆ. ಹೊಸೂರು (ಬಿ), ಹೊಸೂರು (ಕೆ) ಎಂಬಂತಹ ಹೆಸರುಗಳು ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯಲ್ಲಿ ಸಾಮಾನ್ಯ. ಬಿ ಎಂದರೆ ಬುಜುರ್ಗ್, ಹಿರಿಯದು. ಕೆ ಎಂದರೆ ಖುರ್ದ್, ಕಿರಿಯದು. ಇವು ಫಾರಸಿ ಮೂಲದ ಪದಗಳು. ಆವರಣದ ಆ ಒಂದಕ್ಷರವನ್ನು ಕಸವೆಂದು ಅಳಿಸಿದರೆ ಎರಡು ಬೇರೆ ಬೇರೆ ಊರುಗಳು ಒಂದೇ ಹೆಸರಿನವಾಗುತ್ತವೆ. ಆದುದರಿಂದ ಸಾಲನ್ನು ಬಲದಿಂದ ಕತ್ತರಿಸಬೇಕು. ಬಲತುದಿಯ ಐದು ತುಣುಕುಗಳು ಐದು ಸಂಖ್ಯೆಗಳು, ಎಡತುದಿಯ ಮೊದಲ ತುಣುಕು ಕ್ರಮಸಂಖ್ಯೆ, ನಡುವೆ ಉಳಿದುದೆಲ್ಲವೂ ಹೆಸರು. ಹೆಸರಿನಲ್ಲಿ ಎಷ್ಟು ಪದಗಳಿದ್ದರೂ ಈ ರೀತಿಗೆ ಬಾಧೆಯಿಲ್ಲ.

ಈ ಅಚ್ಚಿಗೆ ಹೊಂದದ ಸಾಲುಗಳೂ ಇರುತ್ತವೆ. ಬೊಮ್ಮನಾಳದ ಸಾಲಿನಲ್ಲಿ ಐದು ಸಂಖ್ಯೆಗಳಿಲ್ಲ, ಏಕೆಂದರೆ ಅಲ್ಲಿ ಭೂಮಿಯುಂಟು, ಜನರಿಲ್ಲ. ಇಂತಹ ಸಾಲುಗಳನ್ನು ಒತ್ತಾಯದಿಂದ ಅಚ್ಚಿಗೆ ಹೊಂದಿಸಲೂಬಾರದು, ಎಸೆಯಲೂಬಾರದು. ಅವುಗಳನ್ನು ಬೇರೆ ಕಡತದಲ್ಲಿ ಸಂಗ್ರಹಿಸಿ ಒಂದೊಂದನ್ನೂ ಕಣ್ಣಿನಿಂದ ನೋಡಿ ತುಂಬಬೇಕು. ಕೊನೆಯಲ್ಲಿ ಕ್ರಮಸಂಖ್ಯೆಗಳನ್ನು ಎಣಿಸಿದರೆ 41ರಿಂದ 45ರವರೆಗೆ ಒಂದೂ ತಪ್ಪದೆ, ಒಂದೂ ಎರಡು ಬಾರಿ ಬರದೆ ಇರಬೇಕು. ನಡುವೆ ಒಂದು ಸಂಖ್ಯೆ ಕಾಣೆಯಾಗಿದ್ದರೆ ಒಂದು ಊರೇ ಕಾಣೆಯಾಗಿದೆ ಎಂದರ್ಥ.

ಈಗ ಅಕ್ಷರದೋಷಗಳ ಸರದಿ. ವಿಸ್ತೀರ್ಣದಲ್ಲಿ ಸೊನ್ನೆಯ ಬದಲು `O` ಎಂಬ ಅಕ್ಷರವೂ, ಜನಸಂಖ್ಯೆಯಲ್ಲಿ 5ರ ಬದಲು `S` ಎಂಬುದೂ, 1ರ ಬದಲು `l` ಎಂಬುದೂ ಬಂದಿವೆ. ಇವು ಆಕಾರದ ಹೋಲಿಕೆಯಿಂದಾದ ತಪ್ಪುಗಳು. ಸಂಖ್ಯೆಯಿರಬೇಕಾದ ಕೋಶದಲ್ಲಿ ಅಕ್ಷರವಿರುವುದರಿಂದ ಇವುಗಳನ್ನು ಗುರುತಿಸುವುದು ಸುಲಭ. ಆದರೆ ತಿದ್ದುವ ಕ್ರಮ ಮುಖ್ಯವಾದುದು. ಕಂಬಸಾಲುಗಳನ್ನು ಬೇರ್ಪಡಿಸುವ ಮೊದಲೇ ಕಡತದಲ್ಲೆಲ್ಲ `l` ಇರುವೆಡೆ 1 ಎಂದು ಬದಲಾಯಿಸಿದರೆ, ಬೊಮ್ಮನಾಳವೂ ಹೊನ್ನನಾಳವೂ ಹೆಸರಿನ ಕೊನೆಯ ಅಕ್ಷರವನ್ನು ಕಳೆದುಕೊಂಡು ಅಂಕಿಯನ್ನು ಧರಿಸುತ್ತವೆ. ಮುದನಾಳಕ್ಕೂ ಅದೇ ಗತಿ. ಆದುದರಿಂದ ಕತ್ತರಿಸಿದ ಮೇಲೆಯೇ, ಸಂಖ್ಯೆಗಳ ಕಂಬಸಾಲುಗಳಲ್ಲಿ ಮಾತ್ರವೇ ಈ ತಿದ್ದುಪಡಿ ನಡೆಯತಕ್ಕದ್ದು. ಸಂಖ್ಯೆಗಳೊಳಗಿನ ಅಲ್ಪವಿರಾಮಗಳನ್ನೂ ಈ ಹಂತದಲ್ಲಿ ತೆಗೆಯಬೇಕು. ಅಂತಿಮ ಕಡತದಲ್ಲಿ ಕೋಶಗಳನ್ನು ಬೇರ್ಪಡಿಸುವ ಚಿಹ್ನೆ ಅಲ್ಪವಿರಾಮವೇ ಆಗಿರುವುದರಿಂದ, 1,185 ಎಂಬುದು ಹಾಗೆಯೇ ಉಳಿದರೆ ಅದು 1 ಮತ್ತು 185 ಎಂಬ ಎರಡು ಕೋಶಗಳಾಗಿ ಒಡೆಯುತ್ತದೆ.

ಇಷ್ಟರಿಂದ ಕೋಷ್ಟಕವು ಕಣ್ಣಿಗೆ ಶುದ್ಧವಾಗಿ ಕಾಣುತ್ತದೆ. ಆದರೆ ಕಣ್ಣಿಗೆ ಶುದ್ಧವಾಗಿ ಕಾಣುವ ಕೋಷ್ಟಕದಲ್ಲಿಯೇ ನಿಜವಾದ ಅಪಾಯವಿರುವುದು. ಸಂಖ್ಯೆಯ ಜಾಗದಲ್ಲಿ ಅಕ್ಷರ ಬಂದರೆ ಅದು ತಾನಾಗಿಯೇ ಎದ್ದು ಕಾಣುತ್ತದೆ. ಒಂದು ಅಂಕಿಯ ಜಾಗದಲ್ಲಿ ಇನ್ನೊಂದು ಅಂಕಿ ಬಂದರೆ ಅದನ್ನು ಗುರುತಿಸುವ ಬಗೆ ಹೇಗೆ? ಮಸಿ ಹರಡಿದಾಗ 3ರ ತೆರೆದ ಬಾಯಿ ಮುಚ್ಚಿ ಅದು 8ರಂತೆ ಕಾಣುತ್ತದೆ. ಮಸಿ ಸಾಲದೆ ಬಂದಾಗ 8ರ ಎಡಬದಿ ಅಳಿಸಿ 3ರಂತೆ ಕಾಣುತ್ತದೆ. ಇಂತಹ ತಪ್ಪಿಗೆ ಯಾವ ಹೊರಗುರುತೂ ಇರುವುದಿಲ್ಲ.

ಅದೃಷ್ಟವಶಾತ್ ಜನಗಣತಿಯ ಕೋಷ್ಟಕವು ತನ್ನ ಸಾಕ್ಷಿಯನ್ನು ತನ್ನೊಳಗೇ ಇಟ್ಟುಕೊಂಡಿದೆ. ಗಂಡಸರು ಮತ್ತು ಹೆಂಗಸರು ಕೂಡಿದರೆ ಒಟ್ಟು ಜನರಾಗಬೇಕು. ಇದು ಪ್ರತಿಯೊಂದು ಅಡ್ಡಸಾಲಿನ ಪರೀಕ್ಷೆ. ಎಲ್ಲ ಊರುಗಳು ಕೂಡಿದರೆ ಮೊತ್ತದ ಸಾಲು ಬರಬೇಕು. ಇದು ಪ್ರತಿಯೊಂದು ಕಂಬಸಾಲಿನ ಪರೀಕ್ಷೆ. ಹೊಸೂರು (ಬಿ)ಯಲ್ಲಿ 601 ಮತ್ತು 584 ಕೂಡಿದರೆ 1185. `S` ಎಂಬುದನ್ನು 5 ಎಂದು ಓದಿದ್ದು ಸರಿಯೆಂದು ಸಿದ್ಧವಾಯಿತು. ಹೊನ್ನನಾಳದಲ್ಲಿ 419 ಮತ್ತು 398 ಕೂಡಿ 817, ಅದೂ ಸರಿ. ಕೆರೆಭಾವಿಯಲ್ಲಿ 1033 ಮತ್ತು 1003 ಕೂಡಿದರೆ 2036 ಮಾತ್ರ. ಆದರೆ ಪಠ್ಯದಲ್ಲಿರುವ ಒಟ್ಟು 2041. ಐದು ಜನರ ಕೊರತೆ.

ಈ ಐದು ಎಂಬ ವ್ಯತ್ಯಾಸವೇ ಒಂದು ಸುಳಿವು. 3 ಮತ್ತು 8ರ ನಡುವಣ ಅಂತರವು ಐದು. ಆದುದರಿಂದ ಯಾವುದೋ ಒಂದು ಬಿಡಿಸ್ಥಾನದಲ್ಲಿ 8 ಇದ್ದುದನ್ನು 3 ಎಂದು ಓದಿರುವ ಸಂಭವ ಹೆಚ್ಚು. ಆದರೆ ಗಂಡಸರ 1033, ಹೆಂಗಸರ 1003, ಎರಡರ ತುದಿಯಲ್ಲಿಯೂ 3 ಇದೆ. ಯಾವುದನ್ನು ತಿದ್ದಬೇಕು? ಅಡ್ಡಸಾಲಿನ ಪರೀಕ್ಷೆಯು ಇಲ್ಲಿ ನಿಂತುಬಿಡುತ್ತದೆ. ತಪ್ಪು ಯಾವ ಊರಿನಲ್ಲಿದೆ ಎಂದು ಅದು ಹೇಳಿತು, ಯಾವ ಕೋಶದಲ್ಲಿದೆ ಎಂದು ಹೇಳಲಾರದಾಯಿತು. ಆಗ ಕಂಬಸಾಲಿನ ಪರೀಕ್ಷೆಯತ್ತ ತಿರುಗಬೇಕು. ಹೆಂಗಸರ ಕಂಬಸಾಲಿನಲ್ಲಿ 584, 288, 1003, 398 ಕೂಡಿದರೆ 2273. ಮೊತ್ತದ ಸಾಲಿನಲ್ಲಿರುವುದೂ 2273. ಗಂಡಸರ ಕಂಬಸಾಲಿನಲ್ಲಿ 601, 274, 1033, 419 ಕೂಡಿದರೆ 2327. ಮೊತ್ತದ ಸಾಲಿನಲ್ಲಿರುವುದು 2332. ಕೊರತೆಯು ಇಲ್ಲಿಯೂ ಐದೇ. ಕೆಟ್ಟ ಅಡ್ಡಸಾಲೂ ಕೆಟ್ಟ ಕಂಬಸಾಲೂ ಎಲ್ಲಿ ಕೂಡುತ್ತವೆಯೋ ಆ ಕೋಶದಲ್ಲಿಯೇ ತಪ್ಪಿದೆ. ಅದು ಕೆರೆಭಾವಿಯ ಗಂಡಸರ ಸಂಖ್ಯೆ, ಅದು 1038 ಆಗಿರಬೇಕು.

ಆಗಿರಬೇಕು ಎಂಬಲ್ಲಿಗೆ ಲೆಕ್ಕದ ಅಧಿಕಾರ ಮುಗಿಯುತ್ತದೆ. ತಿದ್ದುವ ಮೊದಲು ಚಿತ್ರದಲ್ಲಿ ಆ ಕೋಶವನ್ನು ದೊಡ್ಡದು ಮಾಡಿ ನೋಡಲೇಬೇಕು. ಅಲ್ಲಿ ಎಡಬದಿ ಮಾಸಿದ 8 ಕಂಡರೆ ತಿದ್ದುಪಡಿ ನಿಶ್ಚಿತವಾಯಿತು. ಒಂದು ವೇಳೆ ಅಲ್ಲಿ ಸ್ಪಷ್ಟವಾದ 3 ಕಂಡರೆ, ತಪ್ಪು ತಂತ್ರಾಂಶದ್ದಲ್ಲ, ಮುದ್ರಣದ್ದು. ಆಗ ಮುದ್ರಿತ ಅಂಕಿಯನ್ನು ಹಾಗೆಯೇ ಉಳಿಸಿ, ಮೊತ್ತ ಹೊಂದುವುದಿಲ್ಲವೆಂದು ಟಿಪ್ಪಣಿಯ ಕಂಬಸಾಲಿನಲ್ಲಿ ಬರೆಯುವುದು ಪ್ರಾಮಾಣಿಕವಾದ ಮಾರ್ಗ. ಮೊತ್ತ ಹೊಂದಲೆಂದು ಅಂಕಿಯನ್ನು ಬದಲಾಯಿಸುವುದು ಶುದ್ಧೀಕರಣವಲ್ಲ, ಹೊಸ ಅಂಕಿಯ ಸೃಷ್ಟಿ. ಎಲ್ಲವೂ ಮುಗಿದ ಮೇಲೆ ಕೋಷ್ಟಕವು ಹೀಗೆ ನಿಲ್ಲುತ್ತದೆ:

```
sl,name,area,hh,persons,males,females,note
41,Hosur (B),1204.50,212,1185,601,584,
42,Hosur (K),846.35,97,562,274,288,
43,Kerebhavi,2011.60,350,2041,1038,1003,males read as 1033
44,Bommanal,318.75,,,,,uninhabited
45,Honnanal,655.20,148,817,419,398,
```

ವಿಸ್ತೀರ್ಣವು ಕೂಡಿ 5036.40, ಕುಟುಂಬಗಳು ಕೂಡಿ 807, ಒಟ್ಟು ಜನರು ಕೂಡಿ 4605. ಮೂರೂ ಮೊತ್ತದ ಸಾಲಿಗೆ ಹೊಂದುತ್ತವೆ. ಬೊಮ್ಮನಾಳದ ವಿಸ್ತೀರ್ಣವನ್ನು ಬಿಟ್ಟಿದ್ದರೆ ಮೊದಲ ಮೊತ್ತವು ಹೊಂದುತ್ತಿರಲಿಲ್ಲ. ಜನರಿಲ್ಲದ ಊರನ್ನೂ ಪಟ್ಟಿಯಲ್ಲಿ ಉಳಿಸಬೇಕೆಂಬುದಕ್ಕೆ ಇದೇ ಕಾರಣ.

ಮೊತ್ತಗಳೆಲ್ಲ ಹೊಂದಿದವೆಂದು ನಿಶ್ಚಿಂತನಾಗುವಂತೆಯೂ ಇಲ್ಲ. ಮೊತ್ತದ ಪರೀಕ್ಷೆಗೆ ಸಿಗದ ತಪ್ಪೊಂದಿದೆ, ಮತ್ತು ಅದೇ ಎಲ್ಲಕ್ಕಿಂತ ದೊಡ್ಡದು. ತಂತ್ರಾಂಶವು ಹೆಸರುಗಳನ್ನು ಬೇರೆಯಾಗಿ, ಅಂಕಿಗಳನ್ನು ಬೇರೆಯಾಗಿ ಓದಿದೆ ಎಂದಿಟ್ಟುಕೊಂಡರೆ, ಎರಡು ಪಟ್ಟಿಗಳನ್ನು ಕ್ರಮವಾಗಿ ಒಂದರ ಪಕ್ಕ ಒಂದನ್ನಿಟ್ಟು ಹೊಲಿಯಬೇಕಾಗುತ್ತದೆ. ಉದ್ದವಾದ ಒಂದು ಹೆಸರು ಎರಡು ಸಾಲುಗಳಲ್ಲಿ ಮುದ್ರಿತವಾಗಿದ್ದು, ಅದನ್ನು ಎರಡು ಹೆಸರುಗಳೆಂದು ಎಣಿಸಿದರೆ, ಅಲ್ಲಿಂದ ಕೆಳಗಿನ ಪ್ರತಿಯೊಂದು ಊರಿಗೂ ಅದರ ಮುಂದಿನ ಊರಿನ ಅಂಕಿಗಳು ದೊರೆಯುತ್ತವೆ. ಮುದನಾಳದ ಎದುರಿಗೆ ಅದರ ನೆರೆಯ ಸಾಲಿನ ಜನಸಂಖ್ಯೆ ಬಂದು ಕೂರುತ್ತದೆ. ಗಂಡಸರೂ ಹೆಂಗಸರೂ ಕೂಡಿ ಒಟ್ಟು ಜನರಾಗುತ್ತಾರೆ, ಕಂಬಸಾಲುಗಳೂ ಮೊತ್ತಕ್ಕೆ ಹೊಂದುತ್ತವೆ. ಅಂಕಿಗಳೆಲ್ಲ ಸರಿ, ಹೆಸರುಗಳೆಲ್ಲ ಸರಿ, ಸಂಬಂಧ ಮಾತ್ರ ತಪ್ಪು. ಏಕೆಂದರೆ ಕೂಡುವ ಲೆಕ್ಕವು ಹೆಸರನ್ನು ನೋಡುವುದೇ ಇಲ್ಲ.

ಇದಕ್ಕೆ ಪರಿಹಾರವನ್ನು ಲೆಕ್ಕದಾಚೆಗೆ ಹುಡುಕಬೇಕು. ಹೆಸರುಗಳ ಸಂಖ್ಯೆಯೂ ಅಂಕಿಗಳ ಸಾಲುಗಳ ಸಂಖ್ಯೆಯೂ ಸಮವಾಗಿರಬೇಕೆಂಬುದು ಮೊದಲ ಪರೀಕ್ಷೆ. ನಿರ್ಜನ ಗ್ರಾಮದ ಎದುರಿಗೇ ಖಾಲಿ ಕೋಶಗಳು ಬಂದಿವೆಯೇ ಎಂಬುದು ಎರಡನೆಯದು. ಹೆಸರುಗಳು ಜಾರಿದ್ದರೆ, ಜನರಿಲ್ಲದ ಊರಿನಲ್ಲಿ ಜನರು ಕಾಣಿಸಿಕೊಂಡು, ಜನರಿರುವ ಊರು ಬರಿದಾಗಿರುತ್ತದೆ. ಮೂರನೆಯದು, ಪ್ರತಿಯೊಂದು ಪುಟದ ಮೊದಲ, ನಡುವಣ ಮತ್ತು ಕೊನೆಯ ಊರುಗಳನ್ನು ಚಿತ್ರದೊಡನೆ ಹೋಲಿಸಿ ನೋಡುವುದು. ಹೆಸರುಗಳು ಜಾರಿದ್ದರೆ ಆ ಜಾರು ಪುಟದ ಕೊನೆಯವರೆಗೂ ಸಾಗಿರುವುದರಿಂದ, ಕೊನೆಯ ಊರನ್ನು ನೋಡಿದವನಿಗೆ ಅದು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ.

ಶಾಲೆ, ಬಾವಿ ಮೊದಲಾದ ಸೌಕರ್ಯಗಳ ಕೋಷ್ಟಕಕ್ಕೆ ಬಂದರೆ ಕೂಡಿ ನೋಡುವ ಅನುಕೂಲವೂ ಇಲ್ಲ. 1981ರ ಗ್ರಾಮ ನಿರ್ದೇಶಿಕೆಯಲ್ಲಿ ಪ್ರಾಥಮಿಕ ಶಾಲೆಗೆ `P`, ಮಾಧ್ಯಮಿಕ ಶಾಲೆಗೆ `M` ಎಂಬಂತೆ ಸಂಕೇತಾಕ್ಷರಗಳನ್ನು ಕೊಡಲಾಗಿತ್ತು. ಸೌಕರ್ಯವಿಲ್ಲದ ಊರಿನ ಎದುರು ಒಂದು ಅಡ್ಡಗೆರೆಯನ್ನು ಎಳೆದು, ಅದು ದೊರೆಯುವ ಹತ್ತಿರದ ಸ್ಥಳದ ದೂರವನ್ನು ಆವರಣದಲ್ಲಿ ಮೂರು ವರ್ಗಗಳಾಗಿ ಸೂಚಿಸಲಾಗಿತ್ತು. `-5` ಎಂದರೆ 5 ಕಿಲೋಮೀಟರಿನೊಳಗೆ, `5-10` ಎಂದರೆ 5ರಿಂದ 10 ಕಿಲೋಮೀಟರು, `10+` ಎಂದರೆ ಅದಕ್ಕೂ ಆಚೆ.

ಈ ಸಣ್ಣ ಅಡ್ಡಗೆರೆಯೇ ತಂತ್ರಾಂಶದ ಕಣ್ಣಿಗೆ ಬೀಳದೆ ಹೋಗುವ ವಸ್ತು. ಅದನ್ನು ಮುದ್ರಣದ ಕಲೆಯೆಂದು ಬಗೆದು ತಂತ್ರಾಂಶವು ಬಿಟ್ಟುಬಿಟ್ಟರೆ, ಅದರ ಬಲಕ್ಕಿರುವ ಕೋಶಗಳೆಲ್ಲ ಒಂದೊಂದು ಹೆಜ್ಜೆ ಎಡಕ್ಕೆ ಸರಿಯುತ್ತವೆ. ಶಾಲೆಯ ಕಂಬಸಾಲಿನಲ್ಲಿ ಬಾವಿಯ `W` ಬಂದರೆ ತಪ್ಪು ಗೊತ್ತಾಗುತ್ತದೆ, ಏಕೆಂದರೆ ಶಾಲೆಗೆ ಅಂತಹ ಸಂಕೇತವಿಲ್ಲ. ಒಂದೊಂದು ಕಂಬಸಾಲಿನಲ್ಲಿ ಬರಬಹುದಾದ ಸಂಕೇತಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು, ಅದರಾಚೆಯದು ಬಂದಲ್ಲೆಲ್ಲ ನಿಲ್ಲುವುದೇ ಇಲ್ಲಿಯ ಪರೀಕ್ಷೆ. ಅಡ್ಡಗೆರೆಯಿರುವ ಕೋಶ, ಖಾಲಿ ಕೋಶ, ಸೊನ್ನೆಯಿರುವ ಕೋಶ, ಇವು ಮೂರೂ ಬೇರೆ ಬೇರೆ ಎಂಬುದನ್ನು ಮರೆಯಬಾರದು. ಅಡ್ಡಗೆರೆಯು ಇಲ್ಲ ಎನ್ನುತ್ತದೆ. ಖಾಲಿ ಕೋಶವು ಓದಲಾಗಲಿಲ್ಲ ಎನ್ನುತ್ತದೆ. ಸೊನ್ನೆಯು ಎಣಿಸಿ ನೋಡಿದೆ, ಒಂದೂ ಇರಲಿಲ್ಲ ಎನ್ನುತ್ತದೆ.

ಇಷ್ಟು ಎಚ್ಚರದಿಂದ ತಂದ ಕಡತವು ಕೊನೆಯ ಹೆಜ್ಜೆಯಲ್ಲಿಯೂ ಕೆಡಬಹುದು. ಎಕ್ಸೆಲ್‌ನಂತಹ ತಂತ್ರಾಂಶದಲ್ಲಿ ಅದನ್ನು ನೇರವಾಗಿ ತೆರೆದರೆ, `5-10` ಎಂಬುದನ್ನು ದಿನಾಂಕವೆಂದು ತಿಳಿದು ಅದು ಅಕ್ಟೋಬರ್ 5 ಎಂದೋ ಮೇ 10 ಎಂದೋ ಬದಲಾಯಿಸುತ್ತದೆ. `-5` ಎಂಬುದನ್ನು ಋಣಸಂಖ್ಯೆಯೆಂದು ತಿಳಿಯುತ್ತದೆ. ಶಾಲೆಯು ಊರಿನಿಂದ ಋಣ ಐದು ಕಿಲೋಮೀಟರು ದೂರದಲ್ಲಿದೆ ಎಂಬುದು ಅರ್ಥವಿಲ್ಲದ ಮಾತು. ಆದರೆ ಯಂತ್ರಕ್ಕೆ ಅದರಲ್ಲಿ ಯಾವ ಆಭಾಸವೂ ತೋರುವುದಿಲ್ಲ. ಆದುದರಿಂದ ಕಡತವನ್ನು ತೆರೆಯುವಾಗಲೇ ಆ ಕಂಬಸಾಲು ಸಂಖ್ಯೆಯಲ್ಲ, ಪಠ್ಯ ಎಂದು ನಿಗದಿಪಡಿಸಬೇಕು.

ಮುದನಾಳದ ವಿದ್ಯಾರ್ಥಿಯು ಈ ಹಂತಗಳನ್ನೆಲ್ಲ ದಾಟಿ 1981ರಲ್ಲಿ ಶಾಲೆಯಿಲ್ಲದಿದ್ದ ಊರುಗಳ ಪಟ್ಟಿಯನ್ನು ತೆಗೆದರೆ, ಅದರಲ್ಲಿನ ಪ್ರತಿಯೊಂದು ಹೆಸರಿಗೂ ಕೈಪಿಡಿಯ ಯಾವ ಪುಟದ ಯಾವ ಸಾಲು ಆಧಾರವೆಂದು ತೋರಿಸಬಲ್ಲನು. ಅದಕ್ಕಾಗಿ ಪುಟಸಂಖ್ಯೆಯನ್ನು ಒಂದು ಕಂಬಸಾಲಿನಲ್ಲಿ ಉಳಿಸಿಕೊಂಡರೆ ಸಾಕು. ಅಡ್ಡಗೆರೆಯೊಂದು ಕಾಣದೆ ಹೋದ ಕಾರಣಕ್ಕೆ ಶಾಲೆಯಿಲ್ಲದ ಊರಿಗೆ ಶಾಲೆ ಬಂದಿದ್ದರೆ, ಆ ಊರಿನ ಮಕ್ಕಳು ಅಂದು ದಿನವೂ ನೆರೆಯೂರಿಗೆ ನಡೆದುಹೋದ ದಾರಿಯೇ ದಾಖಲೆಯಿಂದ ಅಳಿಸಿಹೋಗುತ್ತಿತ್ತು. ಮೊದಲು ತೆಗೆದುಹಾಕಿದ 57 ಎಂಬ ಒಂಟಿ ಅಂಕಿಯೂ ಹೀಗೆ ಕೊನೆಗೆ ಕೋಷ್ಟಕದಲ್ಲಿ ತನ್ನ ಸ್ಥಾನವನ್ನು ಪಡೆಯುತ್ತದೆ. ಅದು ಹೆಂಗಸರ ಸಂಖ್ಯೆಯಾಗಿ ಅಲ್ಲ, ಸಂದೇಹ ಬಂದವನು ಹಿಂದಿರುಗಿ ತೆರೆಯಬೇಕಾದ ಪುಟದ ಗುರುತಾಗಿ.